ಹಬ್ಬದ ಜಾಹೀರಾತು ಸೋತ ಮೇಲೆ ಮಾಲೀಕರಿಗೊಂದು ಪತ್ರ

ದೀಪಾವಳಿ ಮುಗಿದು ತಿಂಗಳಾಗುವ ಹೊತ್ತಿಗೆ ಆನ್‌ಲೈನ್‌ನಲ್ಲಿ ಸರಕು ಮಾರುವ ಸಣ್ಣ ಕಂಪನಿಗಳಲ್ಲಿ ಲೆಕ್ಕ ಕೇಳುವ ಕಾಲ ಬರುತ್ತದೆ. ನವರಾತ್ರಿಯಿಂದ ದೀಪಾವಳಿಯವರೆಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್‌ಗೆ ಸುರಿದ ಜಾಹೀರಾತು ಹಣಕ್ಕೆ ತಕ್ಕ ವ್ಯಾಪಾರ ಆಯಿತೇ ಎಂದು ಸಂಸ್ಥಾಪಕರು ಕೇಳುತ್ತಾರೆ. ಆಗಿಲ್ಲದಿದ್ದರೆ ಏಕೆ ಆಗಲಿಲ್ಲ, ಮುಂದೇನು ಮಾಡುತ್ತೇವೆ ಎಂದು ಮಾರ್ಕೆಟಿಂಗ್ ಮ್ಯಾನೇಜರ್ ಬರೆದು ತಿಳಿಸಬೇಕು. ಎರಡು ಪುಟದ ಪತ್ರ ಅಷ್ಟೆ. ಆದರೆ ಮುಂದಿನ ವರ್ಷದ ಜಾಹೀರಾತು ಹಣ ಎಲ್ಲಿಗೆ ಹೋಗಬೇಕು ಎಂಬುದು ಅದರ ಮೇಲೆಯೇ ನಿಂತಿರುತ್ತದೆ.

ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳು ಮೂರು ನಾಲ್ಕೇ. ಹಬ್ಬದ ಸಮಯದಲ್ಲಿ ಜಾಹೀರಾತಿನ ದರ ಏರಿತ್ತು, ವಿಡಿಯೊ ಜನರ ಕಣ್ಣಿಗೆ ಹಿಡಿಸಲಿಲ್ಲ, ಏಜೆನ್ಸಿಯವರು ತಡ ಮಾಡಿದರು, ಐಫೋನ್‌ನ ಹೊಸ ನಿಯಮದಿಂದ ಗ್ರಾಹಕರನ್ನು ಗುರುತಿಸುವುದು ಕಷ್ಟವಾಯಿತು. ಕೊನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. ಆ್ಯಪಲ್ ಕಂಪನಿ 2021ರ ಏಪ್ರಿಲ್‌ನಲ್ಲಿ ಐಒಎಸ್ 14.5 ತಂದಾಗ, ಬಳಕೆದಾರರ ಒಪ್ಪಿಗೆಯಿಲ್ಲದೆ ಅವರ ಜಾಡು ಹಿಡಿಯಬಾರದೆಂಬ ನಿಯಮ ಜಾರಿಗೆ ಬಂದದ್ದು ನಿಜ. ಅದರಿಂದ 2022ರಲ್ಲಿ ತನಗೆ ಸುಮಾರು 1,000 ಕೋಟಿ ಡಾಲರ್ ಆದಾಯ ತಪ್ಪಬಹುದೆಂದು ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಯೇ ಹೇಳಿತ್ತು. ಆದರೆ ನಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆ್ಯಂಡ್ರಾಯ್ಡ್ ಫೋನು. ಕರ್ನಾಟಕದ ಊರುಗಳಿಗೆ ಎಣ್ಣೆ, ಬೆಲ್ಲ, ಸಿರಿಧಾನ್ಯ ಮಾರುವ ಕಂಪನಿಯ ಪತ್ರದಲ್ಲಿ ಇದು ಮೊದಲ ಕಾರಣವಾಗಿ ಬಂದರೆ, ನಿಜವಾದ ಕಾರಣವನ್ನು ಇನ್ನೂ ಹುಡುಕಿಲ್ಲ ಎಂದು ಸಂಸ್ಥಾಪಕರು ತಿಳಿಯಬೇಕು.

ಹಾಗಾದರೆ ಹುಡುಕುವುದು ಹೇಗೆ? ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ತುಮಕೂರಿನಲ್ಲಿ ಮರದ ಗಾಣದ ಕಡಲೆಕಾಯಿ ಎಣ್ಣೆ ತೆಗೆದು ತನ್ನದೇ ವೆಬ್‌ಸೈಟಿನಲ್ಲಿ ಮಾರುವ ಕಂಪನಿಯೊಂದಿದೆ ಎಂದುಕೊಳ್ಳಿ. ಕಂಪನಿಯೂ ಅದರ ಅಂಕಿಗಳೂ ಲೆಕ್ಕ ವಿವರಿಸಲು ಮಾಡಿಕೊಂಡ ಕಲ್ಪನೆ. ಹಬ್ಬದ ಒಂದು ತಿಂಗಳಿಗೆ ಅದು ₹12 ಲಕ್ಷ ಜಾಹೀರಾತಿಗೆ ಹಾಕಿತು. ಎಣ್ಣೆಯ ಮೇಲೆ ಶೇ. 15 ರಿಯಾಯಿತಿಯನ್ನೂ ಕೊಟ್ಟಿತು. ಹಾಕಿದ ಹಣದ ನಾಲ್ಕು ಪಟ್ಟು, ಅಂದರೆ ₹48 ಲಕ್ಷದ ಮಾರಾಟ ಆಗಬೇಕೆಂಬುದು ಗುರಿ.

ತಿಂಗಳ ಕೊನೆಗೆ ಮೆಟಾದ ಡ್ಯಾಶ್‌ಬೋರ್ಡ್ ತೆರೆದರೆ, ತನ್ನ ಜಾಹೀರಾತಿನಿಂದ ₹26 ಲಕ್ಷದ ಮಾರಾಟವಾಯಿತು ಎಂದು ಅದು ತೋರಿಸುತ್ತದೆ. ಗೂಗಲ್‌ನದು ₹20 ಲಕ್ಷ ಎನ್ನುತ್ತದೆ. ಕೂಡಿದರೆ ₹46 ಲಕ್ಷ. ಗುರಿಗಿಂತ ಎರಡೇ ಲಕ್ಷ ಕಡಿಮೆ. ಈ ಅಂಕಿಯನ್ನೇ ಹಿಡಿದು ಪತ್ರ ಬರೆದರೆ ‘ಸ್ವಲ್ಪದರಲ್ಲಿ ತಪ್ಪಿತು, ಮುಂದಿನ ಸಲ ವಿಡಿಯೊ ಇನ್ನೂ ಚೆನ್ನಾಗಿ ಮಾಡೋಣ’ ಎಂದು ಮುಗಿಸಬಹುದು.

ಆದರೆ ವೆಬ್‌ಸೈಟಿಗೆ ಆ ತಿಂಗಳು ಬಂದ ಒಟ್ಟು ಆರ್ಡರೇ ₹40 ಲಕ್ಷ. ಜಾಹೀರಾತು ನೋಡದೆ ತಾವಾಗಿಯೇ ಬಂದ ಹಳೆಯ ಗ್ರಾಹಕರೂ ಅದರಲ್ಲೇ ಇದ್ದಾರೆ. ಒಟ್ಟು ಆದದ್ದೇ ನಲವತ್ತು ಇರುವಾಗ ಜಾಹೀರಾತಿನಿಂದಲೇ ನಲವತ್ತಾರು ಆಗಲು ಸಾಧ್ಯವಿಲ್ಲ. ಪತ್ರ ಬರೆಯುವವರು ಮೊದಲು ಮಾಡಬೇಕಾದ ಪರೀಕ್ಷೆ ಇದು. ಐದು ನಿಮಿಷದ ಕೆಲಸ. ಎಲ್ಲ ಡ್ಯಾಶ್‌ಬೋರ್ಡ್‌ಗಳ ಮೊತ್ತವನ್ನು ಕೂಡಿ, ಅಂಗಡಿಯ ನಿಜವಾದ ಆರ್ಡರ್ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು.

ಡ್ಯಾಶ್‌ಬೋರ್ಡ್ ಸುಳ್ಳು ಹೇಳುತ್ತಿದೆ ಎಂದಲ್ಲ. ಅದಕ್ಕೆ ತನ್ನದೇ ಎಣಿಕೆಯ ನಿಯಮವಿದೆ. ಮೆಟಾದ ಜಾಹೀರಾತನ್ನು ಒತ್ತಿದವರು ಏಳು ದಿನದೊಳಗೆ, ಬರಿದೇ ನೋಡಿದವರು ಒಂದು ದಿನದೊಳಗೆ ಖರೀದಿಸಿದರೆ ಆ ಮಾರಾಟ ತನ್ನ ಲೆಕ್ಕಕ್ಕೆ ಸೇರಬೇಕೆಂಬುದು ಅದರ ಮಾಮೂಲಿ ನಿಯಮ. ಗೂಗಲ್‌ನಲ್ಲಿ ಒತ್ತಿದವರ ಅವಧಿ ಸಾಮಾನ್ಯವಾಗಿ ಮೂವತ್ತು ದಿನ. ಮೈಸೂರಿನ ಗೃಹಿಣಿಯೊಬ್ಬರು ಮೂರು ವರ್ಷದಿಂದ ಇದೇ ಕಂಪನಿಯ ಎಣ್ಣೆ ತರಿಸುತ್ತಿದ್ದಾರೆ ಎನ್ನಿ. ಸೋಮವಾರ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕಂಡಿತು, ಒತ್ತಿ ನೋಡಿ ಸುಮ್ಮನಾದರು. ಗುರುವಾರ ಮನೆಯಲ್ಲಿ ಎಣ್ಣೆ ಮುಗಿಯಿತು. ಗೂಗಲ್‌ನಲ್ಲಿ ಕಂಪನಿಯ ಹೆಸರು ಬರೆದು ಹುಡುಕಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ಕಂಪನಿಯೇ ದುಡ್ಡು ಕೊಟ್ಟು ಹಾಕಿಸಿದ್ದ ಜಾಹೀರಾತು. ಅದನ್ನೊತ್ತಿ ಸಾವಿರ ರೂಪಾಯಿಯ ಆರ್ಡರ್ ಕೊಟ್ಟರು. ಆ ಸಾವಿರವನ್ನು ಮೆಟಾ ತನ್ನದೆಂದು ಬರೆದುಕೊಂಡಿತು, ಗೂಗಲ್ ಕೂಡ ಬರೆದುಕೊಂಡಿತು. ಎರಡೂ ಜಾಹೀರಾತು ಇಲ್ಲದಿದ್ದರೂ ಅವರು ಗುರುವಾರ ಎಣ್ಣೆ ತರಿಸುತ್ತಿದ್ದರು.

ಈ ಕಡೆಯ ವಾಕ್ಯದಲ್ಲಿ ಇಡೀ ವಿಷಯವಿದೆ. ಜಾಹೀರಾತು ಮುಟ್ಟಿದವರಲ್ಲಿ ಎಷ್ಟು ಜನ ಕೊಂಡರು ಎಂಬುದಕ್ಕೂ, ಜಾಹೀರಾತು ಇಲ್ಲದಿದ್ದರೆ ಎಷ್ಟು ಜನ ಕೊಳ್ಳುತ್ತಿರಲಿಲ್ಲ ಎಂಬುದಕ್ಕೂ ಬಹಳ ಅಂತರವಿದೆ. ಡ್ಯಾಶ್‌ಬೋರ್ಡ್ ಉತ್ತರಿಸುವುದು ಮೊದಲಿನದಕ್ಕೆ. ಸಂಸ್ಥಾಪಕರು ಹಣ ಹಾಕುವುದು ಎರಡನೆಯದಕ್ಕೆ.

ಈ ಅಂತರ ಎಷ್ಟು ದೊಡ್ಡದಿರಬಹುದು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಅಮೆರಿಕದ ಇಬೇ ಕಂಪನಿಯ ಪ್ರಯೋಗ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಟೀವ್ ಟಡೆಲಿಸ್ ಆಗ ಇಬೇಯಲ್ಲಿ ಕೆಲಸ ಮಾಡುತ್ತಿದ್ದರು. ಯಾರಾದರೂ ‘ಇಬೇ’ ಎಂದೇ ಬರೆದು ಹುಡುಕಿದಾಗ ಮೇಲೆ ಬರುವ ಜಾಹೀರಾತಿಗೂ ಕಂಪನಿ ದುಡ್ಡು ಕೊಡುತ್ತಿತ್ತು. 2012ರ ಮಾರ್ಚ್‌ನಲ್ಲಿ ಯಾಹೂ ಮತ್ತು ಮೈಕ್ರೊಸಾಫ್ಟ್‌ನ ಹುಡುಕುತಾಣಗಳಲ್ಲಿ ಅದನ್ನು ನಿಲ್ಲಿಸಿ ನೋಡಿದರು. ನಿಂತುಹೋದ ಕ್ಲಿಕ್‌ಗಳಲ್ಲಿ ಶೇ. 99.5ರಷ್ಟು, ಜಾಹೀರಾತಿನ ಕೆಳಗೆ ಬಿಟ್ಟಿಯಾಗಿ ಬರುವ ಕೊಂಡಿಯ ಮೂಲಕ ಮತ್ತೆ ಇಬೇಗೇ ಬಂದವು. ಮನೆಗೆ ಬರುತ್ತಲೇ ಇದ್ದ ನೆಂಟರಿಗೆ ದಾರಿ ತೋರಿಸಲು ಆಳಿಟ್ಟು ಸಂಬಳ ಕೊಟ್ಟಂತಾಗಿತ್ತು.

ಎರಡನೆಯ ಹಂತದಲ್ಲಿ ಅವರು ಮಾಡಿದ್ದು ಇನ್ನೂ ಮುಖ್ಯ. ಹೆಸರಿಲ್ಲದ ಸಾಮಾನ್ಯ ಪದಗಳು, ಅಂದರೆ ಶೂ, ಗಿಟಾರ್ ಎಂಬಂಥವನ್ನು ಹುಡುಕಿದಾಗ ಗೂಗಲ್‌ನಲ್ಲಿ ಬರುತ್ತಿದ್ದ ತಮ್ಮ ಜಾಹೀರಾತನ್ನು, ಅಮೆರಿಕದ 210 ಮಾರುಕಟ್ಟೆ ಪ್ರದೇಶಗಳ ಪೈಕಿ ಸುಮಾರು ಶೇ. 30ರಷ್ಟರಲ್ಲಿ ಅರವತ್ತು ದಿನ ನಿಲ್ಲಿಸಿದರು. ಉಳಿದೆಡೆ ಎಂದಿನಂತೆ ನಡೆಸಿದರು. ಜಾಹೀರಾತು ನಿಂತ ಊರುಗಳಲ್ಲೂ ಮಾರಾಟ ಹೆಚ್ಚುಕಮ್ಮಿ ಹಾಗೇ ಇತ್ತು. ಹಳೆಯ ರೀತಿಯ ಲೆಕ್ಕದಲ್ಲಿ ಅಪಾರ ಲಾಭ ತೋರಿಸುತ್ತಿದ್ದ ಅದೇ ಜಾಹೀರಾತು, ಪ್ರಯೋಗದ ಲೆಕ್ಕದಲ್ಲಿ ಹಾಕಿದ ಪ್ರತಿ ರೂಪಾಯಿಗೆ ಸುಮಾರು 63 ಪೈಸೆ ನಷ್ಟ ತೋರಿಸಿತು. ಟಡೆಲಿಸ್, ಥಾಮಸ್ ಬ್ಲೇಕ್, ಕ್ರಿಸ್ ನೊಸ್ಕೊ ಮೂವರೂ ಸೇರಿ ಬರೆದ ಈ ಅಧ್ಯಯನ 2015ರಲ್ಲಿ ‘ಇಕನೊಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದನ್ನು ಓದಿ ಜಾಹೀರಾತೇ ದಂಡ ಎಂದುಕೊಂಡರೆ ತಪ್ಪಾಗುತ್ತದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಫಲಿತಾಂಶವಿತ್ತು: ಇಬೇಗೆ ಹೊಸಬರಾದವರ ಮೇಲೆ, ಅಪರೂಪಕ್ಕೆ ಬರುವವರ ಮೇಲೆ ಜಾಹೀರಾತು ಪರಿಣಾಮ ಬೀರಿತ್ತು. ಪದೇ ಪದೇ ಕೊಳ್ಳುತ್ತಿದ್ದವರ ಮೇಲೆ ಬೀರಿರಲಿಲ್ಲ. ಆದರೆ ಹಣದ ದೊಡ್ಡ ಪಾಲು ಖರ್ಚಾಗುತ್ತಿದ್ದದ್ದು ಈ ಹಳೆಯ ಗಿರಾಕಿಗಳ ಕ್ಲಿಕ್‌ಗಳಿಗೆ. ಇಬೇಯಂತೆ ಮನೆಮಾತಾದ ಹೆಸರಿಲ್ಲದ ತುಮಕೂರಿನ ಕಂಪನಿಗೆ ಜಾಹೀರಾತು ಖಂಡಿತ ಬೇಕು. ಯಾರಿಗೆ ಎಂಬುದೇ ಪ್ರಶ್ನೆ.

ನಮ್ಮ ಉದಾಹರಣೆಯ ಮ್ಯಾನೇಜರ್ ಆರ್ಡರ್ ಪಟ್ಟಿಯನ್ನು ತೆಗೆದು ಕೂರುತ್ತಾರೆ. ₹40 ಲಕ್ಷದಲ್ಲಿ ₹24 ಲಕ್ಷ ಕ್ಯಾಶ್ ಆನ್ ಡೆಲಿವರಿ. ನಮ್ಮ ದೇಶದ ಆನ್‌ಲೈನ್ ವ್ಯಾಪಾರದಲ್ಲಿ ತುಂಬ ಪೆಟ್ಟು ಬೀಳುವ ಜಾಗ ಇದು. ಡಬ್ಬ ಮನೆ ಬಾಗಿಲಿಗೆ ಹೋದಾಗ ‘ಬೇಡ’ ಎಂದರೆ ಗ್ರಾಹಕರು ಕಳೆದುಕೊಳ್ಳುವುದು ಏನೂ ಇಲ್ಲ. ಕಂಪನಿಗೆ ಹೋಗುವ ಕೊರಿಯರ್ ಖರ್ಚೂ, ಬರುವ ಖರ್ಚೂ ಬೀಳುತ್ತದೆ. ಈ ಕಂಪನಿಯಲ್ಲಿ ನಾಲ್ಕರಲ್ಲೊಂದು ಪಾರ್ಸೆಲ್ ವಾಪಸ್ ಬಂದಿದೆ ಎನ್ನೋಣ. ₹6 ಲಕ್ಷ ಹೋಯಿತು. ಡ್ಯಾಶ್‌ಬೋರ್ಡ್‌ಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಆರ್ಡರ್ ಬಟನ್ ಒತ್ತಿದ ಕ್ಷಣದಲ್ಲೇ ಅದು ಮಾರಾಟ ಎಂದು ಬರೆದುಕೊಂಡಿರುತ್ತದೆ.

ಕೊರಿಯರ್‌ನವರು ಕೊಡುವ ವರದಿಯಲ್ಲಿ ಪ್ರತಿ ಪಾರ್ಸೆಲ್ ಏಕೆ ತಲುಪಲಿಲ್ಲ ಎಂಬ ಕಾರಣ ಇರುತ್ತದೆ. ಮನೆಯಲ್ಲಿ ಯಾರೂ ಇರಲಿಲ್ಲ, ವಿಳಾಸ ಸಿಗಲಿಲ್ಲ, ಫೋನ್ ಎತ್ತಲಿಲ್ಲ, ಗ್ರಾಹಕರು ನಿರಾಕರಿಸಿದರು. ಅದನ್ನು ದಿನಾಂಕದ ಪಕ್ಕದಲ್ಲಿಟ್ಟು ನೋಡಿದರೆ ಹೊಸ ಸಂಗತಿ ಹೊರಬೀಳಬಹುದು. ಹಬ್ಬಕ್ಕೆ ಮೂರು ದಿನ ಇರುವಾಗ ಬಂದ ಆರ್ಡರುಗಳು ಹಬ್ಬ ಕಳೆದು ಎರಡು ದಿನಕ್ಕೆ ಮನೆಗೆ ಹೋಗಿವೆ. ಚಕ್ಕುಲಿ, ಕೋಡುಬಳೆ ಕರಿಯಲು ತರಿಸಿದ ಎಣ್ಣೆ, ಕರಿದು ಮುಗಿದ ಮೇಲೆ ಬಂದರೆ ಯಾರು ತೆಗೆದುಕೊಳ್ಳುತ್ತಾರೆ? ಹೀಗಿದ್ದರೆ ವಾಪಸಾತಿಯ ಕಾರಣ ಗ್ರಾಹಕರ ಚಂಚಲತೆಯಲ್ಲ, ಜಾಹೀರಾತನ್ನು ಎಂದು ನಿಲ್ಲಿಸಬೇಕಿತ್ತೋ ಅಂದು ನಿಲ್ಲಿಸದೇ ಹೋದದ್ದು. ಪತ್ರದಲ್ಲಿ ಬರೆಯಬೇಕಾದ ಕಾರಣ ಎಂದರೆ ಇಂಥದ್ದು. ಪರಿಶೀಲಿಸಬಹುದಾದದ್ದು, ಮುಂದಿನ ಸಲ ತಪ್ಪಿಸಬಹುದಾದದ್ದು.

ತಲುಪಿದ ಮಾಲು ಈಗ ₹34 ಲಕ್ಷ. ಹಬ್ಬದ ಜಾಹೀರಾತು ಇಲ್ಲದ ತಿಂಗಳುಗಳಲ್ಲಿ ಸರಾಸರಿ ₹22 ಲಕ್ಷದ ಮಾಲು ತಲುಪುತ್ತಿತ್ತು. ಹೆಚ್ಚಾದದ್ದು ₹12 ಲಕ್ಷ.

ಇಲ್ಲಿಗೇ ನಿಲ್ಲಿಸುವಂತಿಲ್ಲ. ಎಣ್ಣೆ ಬಟ್ಟೆಯ ಹಾಗಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಸಂಸಾರ ತಿಂಗಳಿಗೆ ಎರಡು ಪಟ್ಟು ಎಣ್ಣೆ ತಿನ್ನುವುದಿಲ್ಲ. ಎರಡು ಲೀಟರ್ ತರಿಸುವವರು ರಿಯಾಯಿತಿ ಇದೆಯೆಂದು ಐದು ಲೀಟರಿನ ಡಬ್ಬ ತರಿಸುತ್ತಾರೆ, ಮುಂದಿನ ತಿಂಗಳು ತರಿಸುವುದಿಲ್ಲ. ಹಬ್ಬದ ಮರುತಿಂಗಳು ಈ ಕಂಪನಿಯ ಮಾರಾಟ ₹22 ಲಕ್ಷದ ಬದಲು ₹17 ಲಕ್ಷಕ್ಕೆ ಇಳಿದಿದೆ. ಆ ₹5 ಲಕ್ಷ ಮುಂದಿನ ತಿಂಗಳದ್ದನ್ನು ಹಿಂದಕ್ಕೆ ಎಳೆದುಕೊಂಡದ್ದು. ಕಳೆದರೆ ಉಳಿಯುವುದು ₹7 ಲಕ್ಷ. ಪತ್ರವನ್ನು ಹಬ್ಬ ಮುಗಿದ ವಾರವೇ ಬರೆಯದೆ ಒಂದು ತಿಂಗಳು ಕಾದು ಬರೆಯಬೇಕಾದದ್ದು ಇದಕ್ಕೇ. ಬೇಗ ಬರೆದರೆ ಈ ಕುಸಿತ ಕಾಣುವುದೇ ಇಲ್ಲ.

ಇನ್ನು ಲಾಭ. ₹400ರ ಲೀಟರ್ ಎಣ್ಣೆಯನ್ನು ₹340ಕ್ಕೆ ಮಾರಿದ್ದಾರೆ. ಕಡಲೆಬೀಜ, ಗಾಣದ ಖರ್ಚು, ಬಾಟಲಿ, ಪ್ಯಾಕಿಂಗ್, ಕೊರಿಯರ್ ಎಲ್ಲ ಸೇರಿ ₹255 ಆಗುತ್ತದೆ ಎಂದರೆ ಕೈಗೆ ಉಳಿಯುವುದು ₹85, ಮಾರಿದ ಬೆಲೆಯ ಕಾಲುಭಾಗ. ಆ ಪ್ರಕಾರ ಹೆಚ್ಚುವರಿ ₹7 ಲಕ್ಷದಲ್ಲಿ ಉಳಿದದ್ದು ₹1.75 ಲಕ್ಷ. ವಾಪಸ್ ಬಂದ ಆರುನೂರು ಪಾರ್ಸೆಲ್‌ಗಳ ಕೊರಿಯರ್ ಖರ್ಚು, ಒಂದಕ್ಕೆ ₹120ರಂತೆ, ₹72 ಸಾವಿರ. ಕೊನೆಗೆ ಕೈಯಲ್ಲಿ ಉಳಿದದ್ದು ಒಂದು ಲಕ್ಷದ ಆಸುಪಾಸು. ಜಾಹೀರಾತಿಗೆ ಹಾಕಿದ್ದು ₹12 ಲಕ್ಷ. ಡ್ಯಾಶ್‌ಬೋರ್ಡ್ ‘ಹೆಚ್ಚುಕಮ್ಮಿ ನಾಲ್ಕು ಪಟ್ಟು’ ಎಂದಿದ್ದ ಅಭಿಯಾನ ಇದೇ.

ಈ ಲೆಕ್ಕವನ್ನು ಹಾಳೆಯ ಮೇಲಿಡುವುದು ಮ್ಯಾನೇಜರ್‌ಗೆ ಸುಲಭವಲ್ಲ. ಗುರಿ ಹಾಕಿದವರು ಅವರೇ. ಶೇ. 15 ರಿಯಾಯಿತಿ ಕೊಡಲೇಬೇಕೆಂದು ಸಭೆಯಲ್ಲಿ ಪಟ್ಟು ಹಿಡಿದವರು ಸಂಸ್ಥಾಪಕರೇ ಇರಬಹುದು. ಹಾಗಿದ್ದರೂ ಪತ್ರ ಇದನ್ನು ಮುಚ್ಚಿಡಬಾರದು, ಬೊಟ್ಟು ಮಾಡಿ ತೋರಿಸಲೂಬಾರದು. ತಿಳಿದ ಮ್ಯಾನೇಜರ್ ಒಬ್ಬರು ಪತ್ರದ ಆರಂಭವನ್ನು ಹೀಗೆ ಬರೆಯಬಹುದು:

“ಸರ್, ದಸರಾ–ದೀಪಾವಳಿ ಅಭಿಯಾನದಿಂದ ನಮಗೆ ನಷ್ಟವಾಗಿದೆ. ₹12 ಲಕ್ಷ ಖರ್ಚು ಮಾಡಿ, ಎಲ್ಲ ಕಳೆದು ಸುಮಾರು ₹1 ಲಕ್ಷ ವಾಪಸ್ ಪಡೆದಿದ್ದೇವೆ. ವಾರದ ವರದಿಯಲ್ಲಿ ನಾನು ತಮಗೆ ಕಳಿಸುತ್ತಿದ್ದ ಅಂಕಿಗಳು ಇದನ್ನು ತೋರಿಸಲಿಲ್ಲ. ವಾಪಸ್ ಬರುವ ಪಾರ್ಸೆಲ್‌ಗಳನ್ನು ಅವುಗಳಲ್ಲಿ ಕಳೆದಿರಲಿಲ್ಲ, ಹಳೆಯ ಗ್ರಾಹಕರನ್ನು ಬೇರೆ ಮಾಡಿರಲಿಲ್ಲ. ರಿಯಾಯಿತಿಯನ್ನು ನಾವೆಲ್ಲ ಒಪ್ಪಿಯೇ ಕೊಟ್ಟೆವು. ಅದರಿಂದ ಹೊಸಬರು ಬಂದದ್ದಕ್ಕಿಂತ ಹಳಬರು ಮುಂಚಿತವಾಗಿ ತುಂಬಿಸಿಟ್ಟುಕೊಂಡದ್ದು ಹೆಚ್ಚು. ಕಾರಣಗಳನ್ನೂ, ಯುಗಾದಿಗೆ ಮುಂಚೆ ಬದಲಿಸಬೇಕಾದ ಮೂರು ವಿಷಯಗಳನ್ನೂ ಕೆಳಗೆ ಬರೆದಿದ್ದೇನೆ. ಕೊನೆಯಲ್ಲಿ ತಮ್ಮಿಂದ ಒಂದು ತೀರ್ಮಾನ ಬೇಕು.”

ಮೊದಲ ವಾಕ್ಯದಲ್ಲೇ ನಷ್ಟ ಎಂಬ ಮಾತು ಬಂದಿದೆ. ‘ನಿರೀಕ್ಷಿತ ಮಟ್ಟ ತಲುಪಲಿಲ್ಲವಾದರೂ ಬ್ರ್ಯಾಂಡ್ ಬಗ್ಗೆ ಅರಿವು ಹೆಚ್ಚಿದೆ’ ಎಂದು ಶುರುವಾಗುವ ಪತ್ರಗಳಲ್ಲಿ ಓದುಗರು ಎರಡನೆಯ ಪುಟಕ್ಕೆ ಹೋಗಿ ಸತ್ಯವನ್ನು ಹೆಕ್ಕಬೇಕು. ಅಷ್ಟರಲ್ಲಿ ನಂಬಿಕೆ ಅರ್ಧ ಹೋಗಿರುತ್ತದೆ. ಎಷ್ಟು ಲಕ್ಷ ಜನರ ಪರದೆಯ ಮೇಲೆ ಜಾಹೀರಾತು ಹಾದುಹೋಯಿತು ಎಂಬ ಅಂಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಅರಿವು ಹೆಚ್ಚಿತು ಎನ್ನಲು ಅದು ಆಧಾರವಲ್ಲ. ಕಂಪನಿಯ ಹೆಸರು ಬರೆದು ಹುಡುಕುವವರ ಸಂಖ್ಯೆ ಅಭಿಯಾನ ನಿಂತ ಮೇಲೂ ಮೊದಲಿಗಿಂತ ಮೇಲಿದೆಯೇ ಎಂದು ನೋಡಬೇಕು. ಇದ್ದರೆ ಬರೆಯಲಿ, ಇಲ್ಲದಿದ್ದರೆ ಆ ಮಾತೇ ಬೇಡ.

ಸ್ಲೈಡುಗಳ ಬದಲು ಪತ್ರವೇ ಏಕೆ ಎಂದು ಕೆಲವರು ಕೇಳುತ್ತಾರೆ. ಅಮೆಜಾನ್‌ನ ಜೆಫ್ ಬೆಜೋಸ್ 2004ರ ಜೂನ್‌ನಲ್ಲಿ ತಮ್ಮ ಹಿರಿಯ ಸಹೋದ್ಯೋಗಿಗಳ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿಯನ್ನೇ ತರಬೇಕೆಂದು ಹೇಳಿದ್ದರು. ಚುಕ್ಕಿಯಿಟ್ಟು ಬರೆದ ಸಾಲುಗಳಲ್ಲಿ ‘ಆದ್ದರಿಂದ’ ‘ಹೀಗಿದ್ದರೂ’ ಎಂಬ ಕೊಂಡಿಗಳು ಕಳಚಿಹೋಗುತ್ತವೆ. ವಾಪಸಾತಿ ಹೆಚ್ಚಾಯಿತು, ಹಬ್ಬ ಬಂತು, ಕೊರಿಯರ್ ತಡವಾಯಿತು ಎಂದು ಮೂರು ಸಾಲು ಹಾಕಿದರೆ ಯಾವುದು ಯಾವುದಕ್ಕೆ ಕಾರಣ ಎಂದು ಹೇಳುವ ಹೊಣೆ ಬರೆದವರಿಗೆ ಇರುವುದೇ ಇಲ್ಲ.

ಪತ್ರದ ಮಧ್ಯಭಾಗದಲ್ಲಿ ಹೊಸ ಗ್ರಾಹಕರ ಲೆಕ್ಕ ಬರಬೇಕು. ನಷ್ಟದ ಅಭಿಯಾನಕ್ಕೂ ಒಂದು ಸಮರ್ಥನೆ ಇರಲು ಸಾಧ್ಯವಿರುವುದು ಅಲ್ಲಿ ಮಾತ್ರ. ತಲುಪಿದ ಆರ್ಡರುಗಳನ್ನು ಫೋನ್ ನಂಬರಿನ ಮೇಲೆ ಬೇರ್ಪಡಿಸಿದರೆ 3,400ರಲ್ಲಿ 2,500 ಹಳೆಯ ಗ್ರಾಹಕರವು, 900 ಹೊಸಬರವು ಎಂದು ಸಿಗುತ್ತದೆ ಎನ್ನೋಣ. ₹12 ಲಕ್ಷವನ್ನು 900ರಿಂದ ಭಾಗಿಸಿದರೆ ಒಬ್ಬ ಹೊಸ ಗ್ರಾಹಕರನ್ನು ತರಲು ₹1,333 ಬಿದ್ದಿದೆ. ಸಾವಿರ ರೂಪಾಯಿಯ ಒಂದು ಆರ್ಡರಿನಲ್ಲಿ, ರಿಯಾಯಿತಿ ಇಲ್ಲದಾಗ, ಸುಮಾರು ₹360 ಉಳಿಯುತ್ತದೆ. ಹಾಗಾದರೆ ಅವರು ಇನ್ನೂ ಮೂರು ಸಲವಾದರೂ ಪೂರ್ಣ ಬೆಲೆಗೆ ತರಿಸಿದರೆ ಮಾತ್ರ ಹಣ ಮರಳುತ್ತದೆ. ಪತ್ರ ಬರೆಯುವ ಹೊತ್ತಿಗೆ ಎರಡನೆಯ ಸಲ ತರಿಸಿದವರು 150 ಜನ. ಇದನ್ನು ಇದ್ದ ಹಾಗೆ ಬರೆದು, ಮಾರ್ಚ್‌ನಲ್ಲಿ ಇದೇ 900 ನಂಬರುಗಳನ್ನು ಮತ್ತೆ ಎಣಿಸುತ್ತೇವೆ ಎಂದು ಸೇರಿಸಿದರೆ ಸಾಕು. ‘ದೀರ್ಘಕಾಲದಲ್ಲಿ ಫಲ ಸಿಗುತ್ತದೆ’ ಎಂಬ ಭರವಸೆಗಿಂತ ಇದು ಹೆಚ್ಚು ಉಪಯೋಗ.

ಪತ್ರ ಒಪ್ಪಿಕೊಳ್ಳಬೇಕಾದ ಒಂದು ದೌರ್ಬಲ್ಯವಿದೆ. ಹೆಚ್ಚುವರಿ ₹7 ಲಕ್ಷ ಎಂಬುದು ಮಾಮೂಲಿ ತಿಂಗಳುಗಳಿಗೆ ಹೋಲಿಸಿ ತೆಗೆದ ಅಂದಾಜು. ಹಬ್ಬದಲ್ಲಿ ಜಾಹೀರಾತು ಇಲ್ಲದಿದ್ದರೂ ಎಣ್ಣೆ ಸ್ವಲ್ಪ ಹೆಚ್ಚು ಹೋಗುತ್ತಿತ್ತು. ಹಾಗಾಗಿ ಜಾಹೀರಾತಿನ ಪಾಲು ಇನ್ನೂ ಕಡಿಮೆ ಇರಬಹುದು. ಎಷ್ಟು ಕಡಿಮೆ ಎಂದು ತಿಳಿಯಲು ಜಾಹೀರಾತು ಹಾಕದ ಒಂದಷ್ಟು ಊರುಗಳು ಬೇಕಿತ್ತು. ಕಂಪನಿ ಎಲ್ಲ ಊರಿಗೂ ಹಾಕಿಬಿಟ್ಟಿತ್ತು.

ಅಲ್ಲಿಂದಲೇ ಮುಂದಿನ ಬದಲಾವಣೆಗಳು ಶುರುವಾಗುತ್ತವೆ.

ಹಣ ಬೇಡದ ಬದಲಾವಣೆಗಳು ಮೊದಲು. ಹಳೆಯ ಗ್ರಾಹಕರ ಪಟ್ಟಿಯನ್ನು ಮೆಟಾ ಮತ್ತು ಗೂಗಲ್‌ಗೆ ಕೊಟ್ಟು, ಇವರಿಗೆ ಜಾಹೀರಾತು ತೋರಿಸಬೇಡಿ ಎಂದು ಹೇಳುವ ಸೌಲಭ್ಯ ಎರಡರಲ್ಲೂ ಇದೆ. ಅವರಿಗೆ ಹಬ್ಬದ ಸುದ್ದಿ ಹೇಳಲು ವಾಟ್ಸ್ಆ್ಯಪ್ ಸಂದೇಶ ಸಾಕು. ಕಂಪನಿಯ ಹೆಸರಿನ ಮೇಲೆ ಗೂಗಲ್‌ನಲ್ಲಿ ಹಾಕುತ್ತಿದ್ದ ಜಾಹೀರಾತನ್ನು ಎರಡು ವಾರ ನಿಲ್ಲಿಸಿ ನೋಡಬಹುದು. ಪ್ರತಿಸ್ಪರ್ಧಿಗಳು ಆ ಹೆಸರಿನ ಮೇಲೆ ತಮ್ಮ ಜಾಹೀರಾತು ಹಾಕುತ್ತಿದ್ದರೆ ಮಾತ್ರ ಇದು ಇಬೇಯಷ್ಟು ಸಲೀಸಾಗದು. ನಿಲ್ಲಿಸಿದ ದಿನವೇ ಬೇರೆಯವರ ಹೆಸರು ಮೇಲೆ ಬರುತ್ತದೆಯೇ ಎಂದು ಹುಡುಕಿ ನೋಡಿದರೆ ಗೊತ್ತಾಗುತ್ತದೆ.

ಕ್ಯಾಶ್ ಆನ್ ಡೆಲಿವರಿಯನ್ನು ಪೂರ್ತಿ ನಿಲ್ಲಿಸುವುದು ಆತುರದ ತೀರ್ಮಾನ. ಹೊಸ ಅಂಗಡಿಯನ್ನು ನಂಬದ ಗ್ರಾಹಕರು ಮೊದಲ ಸಲ ಬರುವುದು ಆ ಬಾಗಿಲಿನಿಂದಲೇ. ಅದರ ಬದಲು ಆರ್ಡರ್ ಬಂದ ಕೆಲವೇ ಗಂಟೆಗಳಲ್ಲಿ ಫೋನ್ ಅಥವಾ ವಾಟ್ಸ್ಆ್ಯಪ್ ಮೂಲಕ ಖಚಿತಪಡಿಸಿಕೊಳ್ಳುವುದು, ನೂರು ರೂಪಾಯಿ ಮುಂಗಡ ಕೇಳುವುದು, ಪದೇ ಪದೇ ವಾಪಸ್ ಬರುವ ಪಿನ್‌ಕೋಡ್‌ಗಳಿಗೆ ಯುಪಿಐ ಪಾವತಿ ಮಾತ್ರ ಎನ್ನುವುದು ಕೆಲಸ ಮಾಡುತ್ತವೆ. ಹಬ್ಬದ ಜಾಹೀರಾತನ್ನು ಪ್ರತಿ ಊರಿನ ಕೊರಿಯರ್ ದಿನಗಳನ್ನು ಎಣಿಸಿ ನಿಲ್ಲಿಸಬೇಕು. ಬೆಂಗಳೂರಿಗೆ ಎರಡು ದಿನ ಮುಂಚೆ, ಬೀದರ್‌ಗೆ ಆರು ದಿನ ಮುಂಚೆ ಎಂಬಂತೆ.

ಕೊನೆಯ ಬದಲಾವಣೆಗೆ ಸಂಸ್ಥಾಪಕರ ಒಪ್ಪಿಗೆ ಬೇಕು. ಯುಗಾದಿಗೆ ದೊಡ್ಡ ಮೊತ್ತ ಹಾಕುವ ಮೊದಲು, ಸಂಕ್ರಾಂತಿ ಕಳೆದ ಮೇಲೆ ಇಬೇ ಮಾಡಿದ್ದನ್ನೇ ಸಣ್ಣದಾಗಿ ಮಾಡುವುದು. ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ದಾವಣಗೆರೆ, ಶಿವಮೊಗ್ಗ ಈ ಆರು ಕಡೆಯ ಹಿಂದಿನ ಕೆಲವು ತಿಂಗಳ ವಾರವಾರದ ಮಾರಾಟ ತೆಗೆದು, ಒಂದೇ ರೀತಿ ಏರಿಳಿಯುವ ಊರುಗಳನ್ನು ಜೋಡಿ ಮಾಡಬೇಕು. ಪ್ರತಿ ಜೋಡಿಯಲ್ಲಿ ಚೀಟಿ ಎತ್ತಿ ಒಂದು ಊರಿಗೆ ಜಾಹೀರಾತು, ಇನ್ನೊಂದಕ್ಕೆ ಇಲ್ಲ. ಚೀಟಿ ಎತ್ತುವುದು ಮುಖ್ಯ. ಮ್ಯಾನೇಜರ್ ತಮಗೆ ಇಷ್ಟವಾದ ಊರು ಆರಿಸಿಕೊಂಡರೆ, ಚೆನ್ನಾಗಿ ಹೋಗುವ ಊರೇ ಜಾಹೀರಾತಿನ ಪಾಲಿಗೆ ಬರುತ್ತದೆ. ನಾಲ್ಕು ವಾರ ಜಾಹೀರಾತು, ಮುಂದಿನ ನಾಲ್ಕು ವಾರ ಬರೀ ಗಮನಿಸುವುದು. ಈ ಎಂಟು ವಾರ ಯಾವ ಊರಿಗೂ ರಿಯಾಯಿತಿ ಇಲ್ಲ.

ಬೆಂಗಳೂರನ್ನು ಇದರಿಂದ ಹೊರಗಿಡಬೇಕು. ಕರ್ನಾಟಕದಲ್ಲಿ ಅದಕ್ಕೆ ಸರಿಜೋಡಿಯಾದ ಊರಿಲ್ಲ. ಪಿನ್‌ಕೋಡ್ ಪ್ರಕಾರ ಒಡೆದು, ಜಯನಗರಕ್ಕೆ ಜಾಹೀರಾತು, ಮಲ್ಲೇಶ್ವರಕ್ಕೆ ಬೇಡ ಎಂದರೆ, ಮಲ್ಲೇಶ್ವರದಲ್ಲಿ ಮನೆ ಇದ್ದು ಜಯನಗರದಲ್ಲಿ ಕೆಲಸ ಮಾಡುವವರು ಜಾಹೀರಾತನ್ನು ಕಚೇರಿಯಲ್ಲಿ ನೋಡಿ ಮನೆಗೆ ಎಣ್ಣೆ ತರಿಸುತ್ತಾರೆ. ಲೆಕ್ಕ ಕಲಸಿಹೋಗುತ್ತದೆ.

ಎಷ್ಟು ಹಣ? ಜಾಹೀರಾತು ಬೀಳುವ ಮೂರು ಊರುಗಳ ಮಾಮೂಲಿ ಮಾರಾಟ ಎಂಟು ವಾರಕ್ಕೆ ₹7 ಲಕ್ಷ ಇದೆ ಎಂದುಕೊಂಡರೆ ₹60 ಸಾವಿರ ಸರಿಯಾದ ಮೊತ್ತ. ಪೂರ್ಣ ಬೆಲೆಯ ಲಾಭದ ಲೆಕ್ಕದಲ್ಲಿ ಅದನ್ನು ಮರಳಿ ಪಡೆಯಲು ಸುಮಾರು ₹1.65 ಲಕ್ಷದ ಹೆಚ್ಚುವರಿ ಮಾರಾಟ ಬೇಕು, ಅಂದರೆ ಮಾಮೂಲಿಗಿಂತ ಕಾಲುಭಾಗದಷ್ಟು ಹೆಚ್ಚು. ಇದಕ್ಕಿಂತ ಬಹಳ ಕಡಿಮೆ ಹಣ ಹಾಕಿದರೆ ಫಲ ಕಾಣುವುದಿಲ್ಲ. ಸಣ್ಣ ಕಂಪನಿಯ ಮಾರಾಟ ಯಾವ ಕಾರಣವೂ ಇಲ್ಲದೆ ವಾರದಿಂದ ವಾರಕ್ಕೆ ಶೇ. 10ರಷ್ಟು ಮೇಲೆ ಕೆಳಗೆ ಆಡುತ್ತಿರುತ್ತದೆ. ಜಾಹೀರಾತಿನ ಪರಿಣಾಮ ಆ ಏರಿಳಿತವನ್ನು ದಾಟಿ ಎದ್ದು ಕಾಣುವಷ್ಟಿರಬೇಕು. ಹೋಲಿಕೆ ಮಾಡಬೇಕಾದದ್ದು ಆರ್ಡರುಗಳನ್ನಲ್ಲ, ಗ್ರಾಹಕರ ಮನೆ ತಲುಪಿ ಹಣ ಬಂದ ಮಾಲನ್ನು.

ಫಲಿತಾಂಶ ಬಂದರೆ ಏನು ಮಾಡುತ್ತೇವೆ ಎಂಬುದನ್ನು ಪ್ರಯೋಗಕ್ಕೆ ಮುಂಚೆಯೇ ಬರೆದಿಡಬೇಕು. ಪತ್ರದ ಕೊನೆಯ ಭಾಗದ ಕೆಲಸ ಇದು:

“₹1.65 ಲಕ್ಷ ದಾಟಿದರೆ ಯುಗಾದಿಯ ನಂತರದ ಅಭಿಯಾನಕ್ಕೆ ₹5 ಲಕ್ಷ ಕೇಳುತ್ತೇನೆ. ಅದರ ಅರ್ಧವೂ ಬರದಿದ್ದರೆ ಮೆಟಾ ಜಾಹೀರಾತನ್ನು ನಿಲ್ಲಿಸಿ, ಆ ಹಣವನ್ನು ಅಂಗಡಿಗಳಲ್ಲಿ ಅರ್ಧ ಲೀಟರಿನ ಬಾಟಲಿ ಇಡಿಸಲು ಬಳಸೋಣ. ನಡುವೆ ಬಂದರೆ ಇನ್ನೊಂದು ಸುತ್ತು ಊರುಗಳನ್ನು ಅದಲುಬದಲು ಮಾಡಿ ನೋಡೋಣ. ಈ ವರ್ಷದ ಯುಗಾದಿಗೆ ದೊಡ್ಡ ಅಭಿಯಾನ ಬೇಡ ಎಂಬುದು ನನ್ನ ಸಲಹೆ. ಮಾರಾಟ ಒಂದಷ್ಟು ಕಡಿಮೆಯಾಗಬಹುದು. ತಾವು ಇದಕ್ಕೆ ಒಪ್ಪಿದರೆ ಜನವರಿ ಮೊದಲ ವಾರದೊಳಗೆ ತಿಳಿಸಿ ಸರ್. ಊರುಗಳ ಚೀಟಿಯನ್ನು ತಮ್ಮ ಎದುರಿಗೇ ಎತ್ತೋಣ.”

ಇಂಥ ಪತ್ರ ಕೈಗೆ ಬಂದ ಸಂಸ್ಥಾಪಕರಲ್ಲಿ ಒಂದು ವಿನಂತಿ. ಮೊದಲ ಸಾಲಿನ ನಷ್ಟದ ಮಾತು ನೋಡಿ ಬರೆದವರ ಮೇಲೆ ಹರಿಹಾಯಬೇಡಿ. ಹರಿಹಾಯ್ದರೆ ಮುಂದಿನ ಹಬ್ಬದ ನಂತರ ನಿಮಗೆ ಬರುವುದು ಡ್ಯಾಶ್‌ಬೋರ್ಡ್‌ನ ₹46 ಲಕ್ಷವೇ. ಆರ್ಡರ್ ಪಟ್ಟಿ, ಕೊರಿಯರ್ ವಾಪಸಾತಿ ವರದಿ, ಹಬ್ಬದ ಮರುತಿಂಗಳ ಮಾರಾಟ ಈ ಮೂರನ್ನೂ ಪತ್ರದ ಜೊತೆ ತರಿಸಿಕೊಂಡು, ಪಕ್ಕದಲ್ಲಿ ಕೂತು ಒಮ್ಮೆ ಲೆಕ್ಕ ಹಾಕಿ ನೋಡಿ. ಆಮೇಲೆ ಯಾವ ಊರಿಗೆ ಜಾಹೀರಾತು ಹಾಕಬಾರದು ಎಂದು ತೀರ್ಮಾನಿಸಿ.